ಅರ್ಜಿ ಸಾಗುವ ದಾರಿಯ ನಕ್ಷೆಯನ್ನು ಊರ ಸಭೆಯಲ್ಲಿ ಬಿಡಿಸಿ ಹೇಳುವ ಬಗೆ: ಪಿಎಂ ವಿಶ್ವಕರ್ಮ ಯೋಜನೆ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಸಭೆ ಮುಗಿದ ಮೇಲೆ ಯಾರಾದರೂ ಹತ್ತಿರ ಬಂದು "ಎಲ್ಲಾ ಚೆನ್ನಾಗಿ ಹೇಳಿದ್ರಿ, ಈಗ ನಾನು ಮೊದ್ಲು ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿದರೆ ಮಾತು ದಡ ಮುಟ್ಟಿಲ್ಲ ಎಂದೇ ಲೆಕ್ಕ. ಯೋಜನೆಯ ನಕ್ಷೆಯನ್ನು ಗೋಡೆಗೆ ಅಂಟಿಸಿ, ಕೋಲು ಹಿಡಿದು, ಮೇಲಿನ ಪೆಟ್ಟಿಗೆಯಿಂದ ಕೆಳಗಿನ ಪೆಟ್ಟಿಗೆವರೆಗೆ ಓದಿ ಮುಗಿಸುವವರಿಗೆಲ್ಲ ಆಗುವುದು ಇದೇ.

ತಪ್ಪು ಓದುವವರದಷ್ಟೇ ಅಲ್ಲ. ಆ ನಕ್ಷೆ ಬರೆದದ್ದೇ ಕಚೇರಿಯವರಿಗಾಗಿ. ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ ಎಂಬುದು ಅದರಲ್ಲಿದೆ. ಅರ್ಜಿ ಹಾಕಿದವರು ಆ ಹೊತ್ತಿಗೆ ಏನು ಮಾಡಬೇಕು ಎಂಬುದು ಇಲ್ಲ. ನಕ್ಷೆ ಓದಿ ರೂಢಿಯಿಲ್ಲದವರು ಪೆಟ್ಟಿಗೆ ಕಂಡಲ್ಲೆಲ್ಲ ಒಂದು ಕಚೇರಿಗೆ ತಾವೇ ಅಲೆಯಬೇಕು ಎಂದುಕೊಳ್ಳುತ್ತಾರೆ. 'ಜಿಲ್ಲಾ ಸಮಿತಿ' ಎಂದು ಬರೆದದ್ದನ್ನು ಕಂಡು ಒಂದು ದಿನದ ಕೂಲಿ ಬಿಟ್ಟು ಜಿಲ್ಲಾಧಿಕಾರಿ ಕಚೇರಿಗೆ ಬಸ್ಸು ಹತ್ತುತ್ತಾರೆ. ಅಲ್ಲಿ ಅವರಿಗೆ ಮಾಡಲು ಏನೂ ಇರುವುದಿಲ್ಲ.

ಇಲ್ಲಿ ಪಿಎಂ ವಿಶ್ವಕರ್ಮ ಯೋಜನೆಯ ನಕ್ಷೆಯನ್ನೇ ಹಿಡಿದು, ಹನ್ನೆರಡು ನಿಮಿಷದ ಮಾತನ್ನು ಹೇಗೆ ಕಟ್ಟುವುದು ಎಂದು ನೋಡೋಣ. ಕೈಕಸುಬಿನವರಿಗಾಗಿ 2023ರ ಸೆಪ್ಟೆಂಬರ್ 17ರಂದು ಶುರುವಾದ ಕೇಂದ್ರದ ಯೋಜನೆ ಇದು. ಅರ್ಜಿ ಮೂರು ಕಡೆ ಪರಿಶೀಲನೆಯಾಗಿ, ಆಮೇಲೆ ತರಬೇತಿ, ಉಪಕರಣ, ಸಾಲ ಎಂದು ಕವಲೊಡೆಯುವುದರಿಂದ ಜನ ದಾರಿ ತಪ್ಪುವುದು ಇದರಲ್ಲೇ ಹೆಚ್ಚು.

## ಬೇಕಾಗುವ ಸಾಮಾನು

ದೊಡ್ಡ ಡ್ರಾಯಿಂಗ್ ಶೀಟ್ ಎರಡು, ಕಪ್ಪು ಮತ್ತು ಕೆಂಪು ದಪ್ಪ ಮಾರ್ಕರ್ ಒಂದೊಂದು, ಅಂಟು ಪಟ್ಟಿ, ಯೋಜನೆಯ ಮೂಲ ನಕ್ಷೆಯ ಒಂದು ಪ್ರತಿ. ಜೊತೆಗೆ ಅರ್ಜಿಯಂತೆ ಕಾಣುವ ಒಂದು ಹಾಳೆ. ಅದನ್ನು ಕೈಯಿಂದ ಕೈಗೆ ದಾಟಿಸುವ ಕೆಲಸವಿದೆ. ಪ್ರೊಜೆಕ್ಟರ್ ಬೇಡ. ಕರೆಂಟು ಹೋದರೆ ಮಾತೂ ಹೋಗುತ್ತದೆ. ಅದಿರಲಿ, ತೆರೆಯ ಮೇಲಿನ ನಕ್ಷೆ ಸಭೆ ಮುಗಿದೊಡನೆ ಮಾಯ. ಹಾಳೆಯಾದರೆ ಗೋಡೆಯ ಮೇಲೆ ಉಳಿಯುತ್ತದೆ.

## ಹಂತ 1: ಪೆಟ್ಟಿಗೆ ಬಿಡಿ, ಬಾಣ ಓದಿ

ಮೂಲ ನಕ್ಷೆಯನ್ನು ಮುಂದಿಟ್ಟುಕೊಂಡು ಒಂದೊಂದು ಬಾಣದ ಮೇಲೂ ಬೆರಳಿಟ್ಟು ಮೂರು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿಂದ ಮುಂದಕ್ಕೆ ಅರ್ಜಿಯನ್ನು ತಳ್ಳುವವರು ಯಾರು? ಆ ಹೊತ್ತಿಗೆ ಅರ್ಜಿದಾರರಿಗೆ ಕೆಲಸವಿದೆಯೇ, ಇಲ್ಲವೇ? ದಾಟಿತು ಎಂದು ತಿಳಿಯುವುದು ಹೇಗೆ? ಮೂರಕ್ಕೂ ಉತ್ತರ ಬರೆಯಲು ಆಗದ ಬಾಣ ಇದ್ದರೆ, ಸಭೆಗೆ ಮುಂಚೆ ಸಿಎಸ್‌ಸಿ ಎಂಬ ಸಾಮಾನ್ಯ ಸೇವಾ ಕೇಂದ್ರ ನಡೆಸುವವರನ್ನೋ ಪಂಚಾಯಿತಿಯ ಪಿಡಿಒ ಅವರನ್ನೋ ಕೇಳಿ ತಿಳಿದುಕೊಳ್ಳಿ.

ಈ ಯೋಜನೆಯ ಬಾಣಗಳನ್ನು ಹಾಗೆ ಓದಿದರೆ ಕತೆ ಹೀಗಿದೆ. ಕಸುಬಿನವರು ಸಿಎಸ್‌ಸಿಗೆ ಹೋಗಿ ಹೆಬ್ಬೆಟ್ಟು ಕೊಟ್ಟು ಹೆಸರು ನೋಂದಾಯಿಸುತ್ತಾರೆ. ಅರ್ಜಿ ಆನ್‌ಲೈನಿನಲ್ಲೇ ಗ್ರಾಮ ಪಂಚಾಯಿತಿಗೆ ಹೋಗುತ್ತದೆ, ಪಟ್ಟಣವಾದರೆ ನಗರ ಸ್ಥಳೀಯ ಸಂಸ್ಥೆಗೆ. ಇವರು ನಿಜಕ್ಕೂ ಆ ಕಸುಬು ಮಾಡುವವರೇ ಎಂದು ಅಲ್ಲಿ ನೋಡುತ್ತಾರೆ. ಅಲ್ಲಿಂದ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಅನುಷ್ಠಾನ ಸಮಿತಿ. ಪರಿಶೀಲಿಸಿ ಶಿಫಾರಸು ಮಾಡುವುದು ಅದರ ಕೆಲಸ. ಕೊನೆಗೆ ಸ್ಕ್ರೀನಿಂಗ್ ಕಮಿಟಿ. ಒಪ್ಪಿಗೆಯ ಮುದ್ರೆ ಅದರದು. ಒಪ್ಪಿಗೆಯಾದರೆ ಗುರುತಿನ ಚೀಟಿ ಮತ್ತು ಪ್ರಮಾಣಪತ್ರ. ಆಮೇಲೆ ಕಸುಬಿನ ತರಬೇತಿ, ಉಪಕರಣಕ್ಕೆ ಇ-ವೋಚರ್, ಬೇಕೆಂದವರಿಗೆ ಸಾಲ.

ಈ ಒಂದು ಪ್ಯಾರಾವನ್ನು ನಕ್ಷೆ ನೋಡದೆ ಬಾಯಲ್ಲಿ ಹೇಳಲು ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಮಧ್ಯೆ ತಡವರಿಸಿದ ಜಾಗವೇ ಸಭೆಯಲ್ಲೂ ಕೈಕೊಡುವ ಜಾಗ.

## ಹಂತ 2: 'ನೀವು ಹೋಗಬೇಕು', 'ಅರ್ಜಿ ತಾನೇ ಹೋಗುತ್ತದೆ' ಎಂದು ಬೇರೆ ಮಾಡಿ

ಈಗ ಕೆಂಪು ಮಾರ್ಕರ್ ತೆಗೆದುಕೊಳ್ಳಿ. ಅರ್ಜಿದಾರರು ಕಾಲು ಸವೆಸಬೇಕಾದ ಪೆಟ್ಟಿಗೆಗೆ ಮಾತ್ರ ಕೆಂಪು ಗೆರೆ ಎಳೆಯಿರಿ. ಸಿಎಸ್‌ಸಿ ಕೆಂಪು. ತರಬೇತಿ ಕೇಂದ್ರ ಕೆಂಪು. ಸಾಲ ಬೇಕಿದ್ದರೆ ಬ್ಯಾಂಕು ಕೆಂಪು. ಜಿಲ್ಲಾ ಸಮಿತಿ, ಸ್ಕ್ರೀನಿಂಗ್ ಕಮಿಟಿ ಎರಡೂ ಕಪ್ಪು.

ಗ್ರಾಮ ಪಂಚಾಯಿತಿಯದು ಅರ್ಧ ಕೆಂಪು, ಅರ್ಧ ಕಪ್ಪು. ನಕ್ಷೆಯ ಪ್ರಕಾರ ಅರ್ಜಿ ತಾನಾಗಿಯೇ ಅಲ್ಲಿಗೆ ತಲುಪುತ್ತದೆ, ನೀವು ಹೋಗಬೇಕಿಲ್ಲ. ಆದರೆ ಅಧ್ಯಕ್ಷರೋ ಆ ಸ್ಥಾನದಲ್ಲಿರುವ ಆಡಳಿತಾಧಿಕಾರಿಯೋ ತಮ್ಮ ಲಾಗಿನ್ ತೆರೆದು ಪರಿಶೀಲನೆ ಮುಗಿಸುವವರೆಗೆ ಅರ್ಜಿ ಅಲ್ಲೇ ಕೂತಿರುತ್ತದೆ. ಲಾಗಿನ್ ತೆರೆಯದೆ ಇದ್ದರೆ ಅರ್ಜಿ ತಿರಸ್ಕೃತವೂ ಅಲ್ಲ, ಮಂಜೂರೂ ಅಲ್ಲ, ಸುಮ್ಮನೆ ಬಾಕಿ. ಆದ್ದರಿಂದ ನೋಂದಣಿಯಾದ ಮೇಲೆ ಅರ್ಜಿ ಸಂಖ್ಯೆ ಬರೆದ ಚೀಟಿ ಹಿಡಿದು ಪಂಚಾಯಿತಿಗೆ ಒಮ್ಮೆ ಹೋಗಿ "ನಮ್ಮದು ಬಂದಿದೆಯಾ ನೋಡಿ" ಎಂದು ಕೇಳುವುದು ಒಳ್ಳೆಯದು. ಅಧಿಕೃತ ನಕ್ಷೆಯಲ್ಲಿ ಇಲ್ಲದಿದ್ದರೂ ನಿಮ್ಮ ನಕ್ಷೆಯಲ್ಲಿ ಇರಲೇಬೇಕಾದ ಬಾಣ ಇದು.

## ಹಂತ 3: ಮೊದಲ ಪೆಟ್ಟಿಗೆಗೂ ಮುಂಚೆ ಒಂದು ಹೊಸ್ತಿಲು ಬರೆಯಿರಿ

ನಕ್ಷೆಗಳು ಸಾಮಾನ್ಯವಾಗಿ 'ನೋಂದಣಿ'ಯಿಂದ ಶುರುವಾಗುತ್ತವೆ. ಆದರೆ ಅರ್ಹತೆ ಇಲ್ಲದವರು ಮೂರು ಪರಿಶೀಲನೆ ದಾಟಲಾರರು ಎಂಬುದು ಸಭೆಯಲ್ಲೇ ಗೊತ್ತಾದರೆ ಅಲೆದಾಟ ಉಳಿಯಿತು. ಹೊಸ್ತಿಲಲ್ಲಿ ಕೇಳಬೇಕಾದ ಪ್ರಶ್ನೆ ಹೆಚ್ಚಿಲ್ಲ.

ವಯಸ್ಸು 18 ತುಂಬಿದೆಯೇ? ಯೋಜನೆ ಹೆಸರಿಸಿರುವ 18 ಕಸುಬುಗಳಲ್ಲಿ ಒಂದನ್ನು ಸ್ವಂತವಾಗಿ, ಕೈಯಿಂದ ಮತ್ತು ಉಪಕರಣದಿಂದ ಈಗಲೂ ಮಾಡುತ್ತಿದ್ದೀರಾ? ಬಡಗಿ, ಕಮ್ಮಾರ, ಅಕ್ಕಸಾಲಿಗ, ಕುಂಬಾರ, ಕಲ್ಲುಕೆತ್ತನೆಯವರು, ಚಪ್ಪಲಿ ಹೊಲಿಯುವವರು, ಗಾರೆ ಕೆಲಸದವರು, ಬುಟ್ಟಿ-ಚಾಪೆ ಹೆಣೆಯುವವರು, ಕ್ಷೌರಿಕರು, ಹೂ ಕಟ್ಟುವವರು, ಅಗಸರು, ದರ್ಜಿಗಳು, ಮೀನು ಬಲೆ ಹೆಣೆಯುವವರು ಪಟ್ಟಿಯಲ್ಲಿದ್ದಾರೆ. ಪೂರ್ತಿ ಪಟ್ಟಿ ಓದಬೇಡಿ. ನಿಮ್ಮ ಊರಲ್ಲಿ ಇರುವ ಕಸುಬುಗಳನ್ನಷ್ಟೇ ಹೇಳಿ.

ಮನೆಯಿಂದ ಒಬ್ಬರಿಗೆ ಮಾತ್ರ. ಇಲ್ಲಿ ಮನೆ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಸರ್ಕಾರಿ ನೌಕರಿಯಲ್ಲಿ ಇರುವವರಿಗೂ ಅವರ ಮನೆಯವರಿಗೂ ಇಲ್ಲ. ಪಿಎಂಇಜಿಪಿ, ಮುದ್ರಾ, ಸ್ವನಿಧಿಯಂಥ ಸರ್ಕಾರಿ ಸ್ವಉದ್ಯೋಗ ಸಾಲ ಕಳೆದ 5 ವರ್ಷದಲ್ಲಿ ತೆಗೆದುಕೊಂಡವರಿಗೂ ಇಲ್ಲ. ಆದರೆ ಮುದ್ರಾ ಅಥವಾ ಸ್ವನಿಧಿ ಸಾಲವನ್ನು ಪೂರ್ತಿ ತೀರಿಸಿದವರು ಅರ್ಜಿ ಹಾಕಬಹುದು. ಈ ಕೊನೆಯ ಮಾತನ್ನು ಬಿಟ್ಟು ಹೇಳಿದರೆ ಅರ್ಹರಾದವರೂ ಎದ್ದು ಹೋಗುತ್ತಾರೆ.

ಒಂದು ಎಚ್ಚರ. ಸಾಲ, ನೌಕರಿ, ಜಾತಿಕಸುಬು ಇವು ನಾಲ್ಕು ಜನರ ಮುಂದೆ ಕೈ ಎತ್ತಿ ಹೇಳುವ ಸಂಗತಿಗಳಲ್ಲ. "ಸಾಲ ಬಾಕಿ ಇರೋರು ಯಾರ್ಯಾರು?" ಎಂದು ಕೇಳಿದಿರೋ, ಸಭೆ ಬಿಗಿದುಕೊಳ್ಳುತ್ತದೆ. ಪ್ರಶ್ನೆಗಳನ್ನು ಓದಿ, "ಮನಸ್ಸಲ್ಲೇ ಉತ್ತರ ಹೇಳ್ಕೊಳ್ಳಿ" ಎಂದು ಬಿಡಿ.

ಸಭೆಗೆ ಎರಡು ದಿನ ಮುಂಚೆ ಸಿಎಸ್‌ಸಿಯಲ್ಲಿ ಇನ್ನೊಂದು ವಿಷಯ ಖಚಿತ ಮಾಡಿಕೊಳ್ಳಿ: ನಿಮ್ಮ ಊರಿನ ಕಸುಬುಗಳಿಗೆ ಹೊಸ ನೋಂದಣಿ ಈಗ ತೆರೆದಿದೆಯೇ? ಈ ಯೋಜನೆ ಐದು ವರ್ಷಕ್ಕೆ 30 ಲಕ್ಷ ಜನರ ಗುರಿ ಇಟ್ಟುಕೊಂಡು ಶುರುವಾದದ್ದು. ತೆರೆದಿಲ್ಲವೆಂದರೆ ಮಾತಿನ ತಲೆಬರಹವೇ ಬದಲಾಗಬೇಕು. ಹೊಸ ಅರ್ಜಿಯ ಬದಲು, ಈಗಾಗಲೇ ಹಾಕಿದವರ ಅರ್ಜಿ ಎಲ್ಲಿದೆ ಎಂದು ಹುಡುಕುವುದರ ಬಗ್ಗೆ ಮಾತಾಡಿ.

## ಹಂತ 4: ನಕ್ಷೆಯನ್ನು ಹೊಸದಾಗಿ ಬರೆಯಿರಿ

ಮೂಲ ನಕ್ಷೆಯನ್ನು ದೊಡ್ಡದು ಮಾಡಿಸಿ ತರುವುದು ಸುಲಭ, ಪ್ರಯೋಜನ ಕಡಿಮೆ. ಕೈಯಲ್ಲೇ ಬರೆಯಿರಿ. ಎಡದಲ್ಲಿ ಮನೆ, ಬಲದಲ್ಲಿ ಬ್ಯಾಂಕು, ನಡುವೆ ಒಂದೇ ದಾರಿ. ಮೇಲಿಂದ ಕೆಳಕ್ಕೆ ಇಳಿಯುವ ನಕ್ಷೆಗಿಂತ ಎಡದಿಂದ ಬಲಕ್ಕೆ ನಡೆಯುವ ದಾರಿ ಬೇಗ ಅರ್ಥವಾಗುತ್ತದೆ, ಕನ್ನಡ ಓದುವ ದಿಕ್ಕೂ ಅದೇ.

ಒಂದು ಹಾಳೆಯಲ್ಲಿ ಏಳಕ್ಕಿಂತ ಹೆಚ್ಚು ಪೆಟ್ಟಿಗೆ ಬೇಡ. ಇಲ್ಲಿ ಏಳೇ ಸಾಕು: ಸಿಎಸ್‌ಸಿ, ಪಂಚಾಯಿತಿ, ಜಿಲ್ಲಾ ಸಮಿತಿ, ಸ್ಕ್ರೀನಿಂಗ್ ಕಮಿಟಿ, ಗುರುತಿನ ಚೀಟಿ, ತರಬೇತಿ ಮತ್ತು ಉಪಕರಣ, ಸಾಲ. ಅಕ್ಷರದ ಎತ್ತರಕ್ಕೆ ಒಂದು ಕೈಲೆಕ್ಕವಿದೆ: ಹತ್ತು ಅಡಿ ದೂರಕ್ಕೆ ಒಂದು ಅಂಗುಲ. ಕೊನೆಯ ಸಾಲು ಮೂವತ್ತು ಅಡಿ ಹಿಂದಿದ್ದರೆ ಮೂರಂಗುಲದ ಅಕ್ಷರ ಬೇಕು. ಹಾಗಾದಾಗ ಒಂದು ಹಾಳೆ ಸಾಲದೆ ಎರಡನ್ನು ಅಂಟಿಸಬೇಕಾಗುತ್ತದೆ, ಅಂಟಿಸಿ.

ಸಾಲದ ಪೆಟ್ಟಿಗೆಗೆ ಹೋಗುವ ಬಾಣವನ್ನು ಚುಕ್ಕಿ ಚುಕ್ಕಿಯಾಗಿ ಎಳೆಯಿರಿ. ಸಾಲ ತೆಗೆದುಕೊಳ್ಳಲೇಬೇಕು ಎಂದೇನಿಲ್ಲ. ತರಬೇತಿ ಮುಗಿಸಿ ಸುಮ್ಮನಿರುವವರೂ ಇರುತ್ತಾರೆ. ಗಟ್ಟಿ ಗೆರೆ ಎಳೆದರೆ "ಸಾಲ ಮಾಡಿದ್ರೆ ಮಾತ್ರ ಮಿಷನ್ ಕೊಡ್ತಾರಂತೆ" ಎಂಬ ಸುದ್ದಿ ಮರುದಿನವೇ ಹಬ್ಬುತ್ತದೆ.

ಪಂಚಾಯಿತಿ, ಜಿಲ್ಲೆ, ಸ್ಕ್ರೀನಿಂಗ್ ಮೂರರಿಂದಲೂ ಹಿಂದಕ್ಕೆ ತಿರುಗುವ ಒಂದೊಂದು ಸಣ್ಣ ಬಾಣ ಹಾಕಿ. ಅರ್ಜಿ ತಿರಸ್ಕೃತವಾಗುವುದೂ ಈ ದಾರಿಯ ಭಾಗವೇ. ಅದನ್ನು ತೋರಿಸದೆ ಇದ್ದರೆ, ಅರ್ಜಿ ತಿರಸ್ಕೃತವಾದವರು ಯಾರೋ ತಮ್ಮ ಹೆಸರು ಹೊಡೆದುಹಾಕಿದರು ಎಂದು ತಿಳಿಯುತ್ತಾರೆ.

## ಹಂತ 5: ಕ್ರಿಯೆಯನ್ನು ತಿಳಿ ಮಾಡಿ, ಹೆಸರನ್ನು ಮುಟ್ಟಬೇಡಿ

ಸರಳ ಮಾಡುವ ಉತ್ಸಾಹದಲ್ಲಿ ಎಲ್ಲವನ್ನೂ ಬದಲಾಯಿಸಿಬಿಡುವುದು ಕಲಿತವರೇ ಮಾಡುವ ತಪ್ಪು. 'ಸ್ಕ್ರೀನಿಂಗ್ ಕಮಿಟಿ'ಯನ್ನು 'ದೊಡ್ಡ ಸಾಹೇಬರ ಗುಂಪು' ಎಂದು ಹೇಳಿಕೊಟ್ಟರೆ, ನಾಳೆ ಸಿಎಸ್‌ಸಿಯ ಹುಡುಗ "ಸ್ಕ್ರೀನಿಂಗ್‌ನಲ್ಲಿ ಪೆಂಡಿಂಗ್ ಇದೆ" ಎಂದಾಗ ಅವರಿಗೆ ಅರ್ಥವಾಗುವುದಿಲ್ಲ. ಕೌಂಟರಿನಲ್ಲಿ ಕಿವಿಗೆ ಬೀಳುವ ಹೆಸರುಗಳು ಹಾಗೆಯೇ ಇರಲಿ. ಬದಲಾಗಬೇಕಾದ್ದು ಕ್ರಿಯೆ. 'ದೃಢೀಕರಿಸಲಾಗುವುದು' ಬೇಡ, 'ಹೌದಾ ಅಲ್ವಾ ಅಂತ ನೋಡ್ತಾರೆ' ಸಾಕು. 'ಶಿಫಾರಸು ಮಾಡುವುದು' ಎಂದರೆ 'ಇವರಿಗೆ ಕೊಡಬಹುದು ಅಂತ ಬರೆದು ಮುಂದಕ್ಕೆ ಕಳಿಸೋದು'.

ಎರಡು ಮಾತಿನ ಮೇಲೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಮೊದಲನೆಯದು 'ಇ-ವೋಚರ್'. ಉಪಕರಣಕ್ಕೆ 15,000 ರೂಪಾಯಿವರೆಗೆ ಎಂದಾಗ ಜನ ಕೇಳಿಸಿಕೊಳ್ಳುವುದು 'ಖಾತೆಗೆ ಹದಿನೈದು ಸಾವಿರ ಬೀಳುತ್ತದೆ' ಎಂದು. ಅದು ನಗದಲ್ಲ, ಉಪಕರಣ ಪಡೆಯಲಿಕ್ಕಷ್ಟೇ ನಡೆಯುವ ಚೀಟಿ. ಬ್ಯಾಂಕಿನಲ್ಲಿ ಬಿಡಿಸಿಕೊಳ್ಳಲು ಬರುವುದಿಲ್ಲ.

ಎರಡನೆಯದು 'ವರೆಗೆ'. ಸಾಲ 3 ಲಕ್ಷದವರೆಗೆ ಎಂಬುದರಲ್ಲಿ 'ವರೆಗೆ' ಕಿವಿಗೆ ಬೀಳುವುದೇ ಇಲ್ಲ. ಅದು ಎರಡು ಕಂತು: ಮೊದಲು 1 ಲಕ್ಷದವರೆಗೆ, ತೀರಿಸಲು 18 ತಿಂಗಳು, ಆಮೇಲೆ 2 ಲಕ್ಷದವರೆಗೆ, ತೀರಿಸಲು 30 ತಿಂಗಳು. ಮೊದಲನೆಯದು ಮೂಲ ತರಬೇತಿ ಮುಗಿಸಿದವರಿಗೆ. ಎರಡನೆಯದು ಮೊದಲ ಸಾಲದ ಕಂತು ತಪ್ಪಿಸದೆ, ಫೋನಿನಲ್ಲಿ ಹಣ ಪಡೆಯುವ ರೂಢಿ ಮಾಡಿಕೊಂಡವರಿಗೆ ಅಥವಾ ಮುಂದಿನ ಹಂತದ ತರಬೇತಿ ಪಡೆದವರಿಗೆ. ಬಡ್ಡಿ ವರ್ಷಕ್ಕೆ ಶೇ. 5; ಅಡಮಾನ ಬೇಡ. ಒಂದು ಲಕ್ಷವನ್ನು 18 ಸಮ ಕಂತಿನಲ್ಲಿ ಕಟ್ಟಿದರೆ ತಿಂಗಳಿಗೆ ಸುಮಾರು 5,780 ರೂಪಾಯಿ, ಒಟ್ಟು ಬಡ್ಡಿ ಸುಮಾರು 4,000. ಶೇಕಡಾ ಲೆಕ್ಕ ಹೇಳಿದರೆ ಸಭೆ ತಲೆಯಾಡಿಸುತ್ತದೆ. ತಿಂಗಳ ಕಂತು ಹೇಳಿದರೆ ಯೋಚನೆಗೆ ಬೀಳುತ್ತದೆ. ಬೇಕಾದ್ದು ಎರಡನೆಯದು.

## ಹಂತ 6: ಹನ್ನೆರಡು ನಿಮಿಷವನ್ನು ಹಂಚಿಕೊಳ್ಳಿ

ಹೊಸ್ತಿಲಿಗೆ ಎರಡು ನಿಮಿಷ, ಸಿಎಸ್‌ಸಿಗೆ ನಾಲ್ಕು, ಮೂರು ಪರಿಶೀಲನೆಗೆ ಒಟ್ಟು ಮೂರು, ತರಬೇತಿ-ಉಪಕರಣ-ಸಾಲಕ್ಕೆ ಮೂರು. ಸಿಎಸ್‌ಸಿಗೆ ಇಷ್ಟು ಹೊತ್ತು ಯಾಕೆಂದರೆ, ಅರ್ಜಿ ಕೆಡುವುದು ಅಲ್ಲಿ. ಮುಂದಿನ ಪೆಟ್ಟಿಗೆಗಳಲ್ಲಿ ಕಾಣಿಸಿಕೊಳ್ಳುವ ರೋಗದ ಬೇರು ಬಹುಪಾಲು ಅಲ್ಲೇ ಇರುತ್ತದೆ. ದುಡ್ಡಿನ ಮಾತು ಕೊನೆಗೇ ಬರಲಿ. ಮೊದಲೇ 'ಮೂರು ಲಕ್ಷ' ಎಂದುಬಿಟ್ಟರೆ ಆಮೇಲೆ ಹೇಳುವ ಆಧಾರ್, ಓಟಿಪಿ ಯಾವುದೂ ತಲೆಗೆ ಹೋಗುವುದಿಲ್ಲ.

ಒಬ್ಬರ ಅರ್ಜಿಯನ್ನು ಹಿಡಿದುಕೊಂಡು ಕೊನೆತನಕ ಹೋಗಿ. ಕೆಳಗಿನ ಮಾತು ಮಡಕೆ ಮಾಡುವ ಒಬ್ಬ ಅಕ್ಕನನ್ನು ಊಹಿಸಿಕೊಂಡು ಕಟ್ಟಿದ್ದು. ಹೆಸರು ಬೇಡ, 'ನಮ್ಮ ಮಡಕೆ ಅಕ್ಕ' ಎಂದರೆ ಸಾಕು. ಓದುತ್ತಾ ಓದುತ್ತಾ ನಿಮ್ಮ ಊರಿನ ಮಾತಿಗೆ ತಿರುಗಿಸಿಕೊಳ್ಳಿ.

> ಅಕ್ಕಂದಿರೇ, ಅಣ್ಣಂದಿರೇ, ಹಿರಿಯರೇ, ಎಲ್ರಿಗೂ ನಮಸ್ಕಾರ. ಈ ಹಾಳೆ ನೋಡಿ. ಎಡಗಡೆ ಇರೋದು ನಿಮ್ಮ ಮನೆ. ಕೆಂಪು ಪೆಟ್ಟಿಗೆ ಇದ್ದಲ್ಲಿ ನೀವು ಹೋಗ್ಬೇಕು. ಕಪ್ಪು ಪೆಟ್ಟಿಗೆಗೆ ಅರ್ಜಿನೇ ಹೋಗುತ್ತೆ, ನೀವು ಹೋಗೋದು ಬೇಡ. ಇಷ್ಟು ನೆನಪಿದ್ರೆ ಅರ್ಧ ಕೆಲಸ ಆಯ್ತು.
>
> ನಮ್ಮ ಮಡಕೆ ಅಕ್ಕ ಅರ್ಜಿ ಹಾಕ್ತಾರೆ ಅಂತ ಇಟ್ಕೊಳ್ಳಿ. ವಯಸ್ಸು ನಲವತ್ತು. ಮನೇಲಿ ಬೇರೆ ಯಾರೂ ಈ ಯೋಜನೆಗೆ ಅರ್ಜಿ ಹಾಕಿಲ್ಲ, ಸರ್ಕಾರಿ ನೌಕರಿ ಯಾರಿಗೂ ಇಲ್ಲ. ಹಿಂದೆ ತಗೊಂಡಿದ್ದ ಮುದ್ರಾ ಸಾಲ ಪೂರ್ತಿ ತೀರಿಸಿದ್ದಾರೆ. ಹಾಗಾಗಿ ಹೊಸ್ತಿಲು ದಾಟಿದ್ರು.
>
> ಮೊದಲನೇ ಕೆಂಪು ಪೆಟ್ಟಿಗೆ ಸಿಎಸ್‌ಸಿ. ಅಕ್ಕ ಕೈಯಲ್ಲಿ ನಾಲ್ಕು ಹಿಡ್ಕೊಂಡು ಹೋಗ್ಬೇಕು: ಆಧಾರ್ ಕಾರ್ಡ್, ಆಧಾರ್‌ಗೆ ಜೋಡಿಸಿರೋ ಮೊಬೈಲು, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡು. ರೇಷನ್ ಕಾರ್ಡು ಇಲ್ಲ ಅಂದ್ರೆ ಮನೇಲಿರೋ ಎಲ್ರ ಆಧಾರ್ ಬೇಕು. ಮೊಬೈಲು ಮನೇಲಿ ಬಿಟ್ಟು ಹೋದ್ರೆ ಆಗಲ್ಲ. ನಂಬರ್ ಬರುತ್ತೆ, ಅಲ್ಲೇ ನೋಡಿ ಹೇಳ್ಬೇಕು. ಬೆರಳನ್ನೂ ಅಲ್ಲೇ ಒತ್ತಬೇಕು, ಹಾಗಾಗಿ ಅಕ್ಕನ ಬದ್ಲು ಮಗ ಹೋದ್ರೆ ನಡೆಯಲ್ಲ.
>
> ಕಸುಬು ಯಾವುದು ಅಂತ ಆಯ್ಕೆ ಮಾಡೋವಾಗ ಅಕ್ಕ ಕಂಪ್ಯೂಟರ್ ಕಡೆ ನೋಡಿ, "ಕುಂಬಾರಿಕೆ ಅಂತಲೇ ಹಾಕಿದ್ದೀರಾ?" ಅಂತ ಬಾಯಿಬಿಟ್ಟು ಕೇಳ್ಬೇಕು. ಹೆಸರು ಬರೆಸೋಕೆ ದುಡ್ಡು ಕೊಡೋ ಹಾಗಿಲ್ಲ, ಅದು ಉಚಿತ. ಎದ್ದು ಬರೋಕೆ ಮುಂಚೆ ಅರ್ಜಿ ಸಂಖ್ಯೆ ಬರೆಸ್ಕೊಂಡು ಬರ್ಬೇಕು.
>
> ಈಗ ಅರ್ಜಿ ನಡೆಯೋಕೆ ಶುರು. ಪಂಚಾಯಿತಿ "ಈ ಅಕ್ಕ ನಿಜವಾಗ್ಲೂ ಮಡಕೆ ಮಾಡ್ತಾರಾ?" ಅಂತ ನೋಡುತ್ತೆ. ಜಿಲ್ಲಾ ಸಮಿತಿ ನೋಡಿ, ಕೊಡಬಹುದು ಅಂತ ಬರೆಯುತ್ತೆ. ಸ್ಕ್ರೀನಿಂಗ್ ಕಮಿಟಿ ಆಗ್ಲಿ ಅನ್ನುತ್ತೆ. ಈ ಮೂರೂ ಕಡೆ ಅಕ್ಕ ಅಲೀಬೇಕಾಗಿಲ್ಲ. ಪಂಚಾಯಿತೀಲಿ ಒಂದು ಸಲ ಸಂಖ್ಯೆ ತೋರ್ಸಿ ಕೇಳಿದ್ರೆ ಸಾಕು.
>
> ಒಪ್ಪಿಗೆ ಆದ್ಮೇಲೆ ಗುರುತಿನ ಚೀಟಿ. ಆಮೇಲೆ ತರಬೇತಿಗೆ ಕರೀತಾರೆ, ಐದರಿಂದ ಏಳು ದಿನ. ದಿನಕ್ಕೆ ಐನೂರು ರೂಪಾಯಿ ಭತ್ಯೆ. ಐದು ದಿನ ಹೋದ್ರೆ ಎರಡೂವರೆ ಸಾವಿರ. ಉಪಕರಣದ ಚೀಟಿ ಈ ಹಂತದಲ್ಲಿ. ಅದು ದುಡ್ಡಲ್ಲ, ಸಾಮಾನು ತಗೊಳ್ಳೋ ಚೀಟಿ. ಸಾಲ ಬೇಕು ಅಂದ್ರೆ ಚುಕ್ಕಿ ಗೆರೆ ಹಿಡ್ಕೊಂಡು ಬ್ಯಾಂಕಿಗೆ. ಬೇಡ ಅಂದ್ರೆ ಇಲ್ಲಿಗೇ ನಿಲ್ಲಬಹುದು. ಸಾಲ ಅಂದ್ರೆ ಸಾಲಾನೇ, ತಿಂಗಳಿಗೆ ಹತ್ತಿರ ಹತ್ತಿರ ಐದು ಸಾವಿರದ ಎಂಟುನೂರು ಕಟ್ಟಬೇಕು.

'ಈಗ ಅರ್ಜಿ ನಡೆಯೋಕೆ ಶುರು' ಎಂಬಲ್ಲಿ ಅರ್ಜಿಯಂತೆ ಕಾಣುವ ಆ ಹಾಳೆಯನ್ನು ಮುಂದಿನ ಸಾಲಿನ ಒಬ್ಬರ ಕೈಗೆ ಕೊಡಿ. ಅವರು ಸಿಎಸ್‌ಸಿ. ಅವರಿಂದ ಪಕ್ಕದವರಿಗೆ, ಅವರು ಪಂಚಾಯಿತಿ. ಹೀಗೆ ನಾಲ್ಕು ಕೈ ದಾಟಲಿ. ಪಂಚಾಯಿತಿಯಾದವರ ಹತ್ತಿರ ಬಂದಾಗ ಹಾಳೆಯನ್ನು ಹತ್ತು ಸೆಕೆಂಡು ಹಾಗೇ ಹಿಡಿದಿರಲು ಹೇಳಿ, ಮಾತು ನಿಲ್ಲಿಸಿ. ಸಭೆ ನಗುತ್ತದೆ, ಬಾಕಿ ಎಂದರೇನು ಎಂಬುದು ಆಗ ವಿವರಿಸದೆಯೇ ತಿಳಿಯುತ್ತದೆ.

## ಹಂತ 7: ಎಲ್ಲಿ ಕೆಡುತ್ತದೆ ಎಂದು ಗುರುತು ಹೇಳಿಕೊಡಿ

ನಕ್ಷೆ ಹೇಳಿದಷ್ಟೇ ಮುಖ್ಯವಾಗಿ, ಅದು ನಿಂತಾಗ ಕಾಣುವ ಲಕ್ಷಣ ಹೇಳಬೇಕು. ಸಿಎಸ್‌ಸಿಯಲ್ಲಿ ಓಟಿಪಿ ಬರುತ್ತಿಲ್ಲವೆಂದರೆ ಆಧಾರ್‌ನಲ್ಲಿ ಇರುವುದು ಹಳೇ ನಂಬರು. ಆಗ ಸಿಎಸ್‌ಸಿಯಲ್ಲಿ ಜಗಳವಾಡಿ ಫಲವಿಲ್ಲ. ಮೊದಲು ಆಧಾರ್ ಕೇಂದ್ರದಲ್ಲಿ ನಂಬರು ಬದಲಾಯಿಸಿ ಬರಬೇಕು. ಬೆರಳು ಹಿಡಿಯುತ್ತಿಲ್ಲ ಎಂಬುದು ಮಣ್ಣು, ಸಿಮೆಂಟು, ಬಟ್ಟೆ ಸೋಪು ಮುಟ್ಟುವ ಕೈಗಳಿಗೆ ಮಾಮೂಲು, ರೇಖೆ ಸವೆದಿರುತ್ತದೆ. ಕೈ ತೊಳೆದು ಒರೆಸಿ ಬೇರೆ ಬೆರಳು ಒತ್ತಿ ನೋಡಲಿ. ಆಗಲೂ ಆಗದಿದ್ದರೆ ಆಧಾರ್‌ನಲ್ಲಿ ಬೆರಳಚ್ಚು ಹೊಸದಾಗಿ ಕೊಡಬೇಕಾಗುತ್ತದೆ.

ನೋಂದಣಿಯಾಗಿ ಬಹಳ ದಿನವಾದರೂ ಸುದ್ದಿಯಿಲ್ಲ ಎಂದರೆ ಅರ್ಜಿ ಯಾವ ಪೆಟ್ಟಿಗೆಯಲ್ಲಿದೆ ಎಂದು ನೋಡಬೇಕು. pmvishwakarma.gov.in ತೆರೆದು, ಅರ್ಜಿದಾರರ ಲಾಗಿನ್‌ನಲ್ಲಿ ನೋಂದಣಿಯ ಮೊಬೈಲ್ ನಂಬರು ಹಾಕಿ ಓಟಿಪಿ ಕೊಟ್ಟರೆ ಸ್ಥಿತಿ ಕಾಣುತ್ತದೆ. ಫೋನಿನಲ್ಲೇ ಕೇಳುವವರಿಗೆ ಸಹಾಯವಾಣಿ 17923. ಮೊದಲ ಪರಿಶೀಲನೆಯಲ್ಲೇ ನಿಂತಿದೆ ಎಂದು ತೋರಿದರೆ ಹೋಗಬೇಕಾದ್ದು ಪಂಚಾಯಿತಿಗೆ, ತಾಲ್ಲೂಕು ಕಚೇರಿಗಲ್ಲ.

ಕಸುಬು ತಪ್ಪಾಗಿ ದಾಖಲಾದದ್ದು ಇದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ತಕ್ಷಣ ಕಾಣುವುದಿಲ್ಲ. ಮಡಕೆ ಮಾಡುವವರಿಗೆ ಗಾರೆ ಕೆಲಸ ಎಂದು ಬಿದ್ದಿದ್ದರೆ ಪಂಚಾಯಿತಿಯವರು 'ಇವರು ಗಾರೆಯವರಲ್ಲ' ಎಂದು ಸರಿಯಾಗಿಯೇ ತಳ್ಳಿಹಾಕುತ್ತಾರೆ. ಅಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ, ಆದರೂ ಅರ್ಜಿ ಹೋಯಿತು. ಮೇಲಿನ ಮಾತಿನಲ್ಲಿ ಅಕ್ಕ ಕಂಪ್ಯೂಟರ್ ಕಡೆ ನೋಡಿ ಕೇಳುವ ಒಂದು ವಾಕ್ಯ ಇಟ್ಟಿರುವುದು ಇದಕ್ಕೇ. ಸಮಯ ಕಡಿಮೆಯಾದರೆ ಬೇರೆ ಯಾವುದನ್ನು ಬಿಟ್ಟರೂ ಅದನ್ನು ಬಿಡಬೇಡಿ.

"ಸಾವಿರ ಕೊಡಿ, ಸ್ಕ್ರೀನಿಂಗ್‌ನಲ್ಲಿ ಮುಂದೆ ತಳ್ಳಿಸ್ತೀನಿ" ಎನ್ನುವವರು ಬಂದರೆ ನಕ್ಷೆಯ ಮುಂದೆ ನಿಲ್ಲಿಸಿ, ನೀವು ಯಾವ ಪೆಟ್ಟಿಗೆಯಲ್ಲಿದ್ದೀರಿ ತೋರಿಸಿ ಎಂದು ಕೇಳಲು ಜನರಿಗೆ ಹೇಳಿಕೊಡಿ. ಏಳು ಪೆಟ್ಟಿಗೆಯಲ್ಲಿ ಮಧ್ಯವರ್ತಿಯ ಪೆಟ್ಟಿಗೆ ಇಲ್ಲ.

## ಹಂತ 8: ಪ್ರಶ್ನೆಗೆ ಉತ್ತರ, ಆಮೇಲೆ ಉಲ್ಟಾ ಪರೀಕ್ಷೆ

"ಎಷ್ಟು ದಿನ ಆಗುತ್ತೆ?" ಎಂಬುದು ಬಂದೇ ಬರುವ ಪ್ರಶ್ನೆ. ದಿನದ ಲೆಕ್ಕ ಕೊಡಬೇಡಿ. ಮೂರು ಕಡೆಯ ಪರಿಶೀಲನೆ ಒಂದೊಂದು ಕಡೆ ಒಂದೊಂದು ವೇಗದಲ್ಲಿ ನಡೆಯುತ್ತದೆ, ನೀವು ಹೇಳಿದ ದಿನ ದಾಟಿದ ಮರುದಿನ ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ. "ಯಾವ ಪೆಟ್ಟಿಗೇಲಿದೆ ಅಂತ ಹೇಗೆ ನೋಡೋದು ಅಂತ ಹೇಳ್ತೀನಿ, ಯಾವತ್ತು ಬರುತ್ತೆ ಅಂತ ಹೇಳೋಕಾಗಲ್ಲ" ಎಂದು ನೇರವಾಗಿ ಹೇಳಿ. "ನಮ್ಮನೇಲಿ ಅಪ್ಪನೂ ಮಗನೂ ಇಬ್ರೂ ಬಡಗಿ, ಇಬ್ರೂ ಹಾಕ್ಬಹುದಾ?" ಎಂದರೆ, ಮಗನಿಗೆ ಮದುವೆಯಾಗಿದೆಯೇ ಎಂಬುದನ್ನು ಮೊದಲು ಕೇಳಿ, ಆಗಿಲ್ಲವೆಂದರೆ ಇಬ್ಬರಲ್ಲಿ ಒಬ್ಬರೇ.

ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳಬೇಡಿ. ಎಲ್ಲರೂ ಆಯ್ತು ಎನ್ನುತ್ತಾರೆ. ಬದಲಿಗೆ ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಒಬ್ಬರನ್ನು ವಿಶ್ವಾಸದಿಂದ ಕರೆದು, "ಚಿಕ್ಕಮ್ಮ, ನಾಳೆ ನಿಮ್ಮ ಪಕ್ಕದ ಮನೆಯವ್ರು ಕೇಳಿದ್ರೆ ಮೊದ್ಲು ಎಲ್ಲಿಗೆ ಹೋಗು ಅಂತೀರಿ, ಕೈಯಲ್ಲಿ ಏನು ಹಿಡ್ಕೊಂಡು?" ಎಂದು ಕೇಳಿ. ಸಿಎಸ್‌ಸಿ ಮತ್ತು ಮೊಬೈಲು ಎರಡೂ ಬಾಯಲ್ಲಿ ಬಂದರೆ ಮಾತು ತಲುಪಿದೆ. 'ಡಿಸಿ ಆಫೀಸು' ಎಂದು ಬಂದರೆ ನಿಮ್ಮ ಕೆಂಪು-ಕಪ್ಪು ಕೆಲಸ ಮಾಡಿಲ್ಲ. ಹಾಳೆಯ ಹತ್ತಿರ ಹೋಗಿ ಆ ಎರಡು ಕಪ್ಪು ಪೆಟ್ಟಿಗೆಯ ಮೇಲೆ ಅಂಗೈ ಮುಚ್ಚಿ, ಉಳಿದ ದಾರಿಯನ್ನು ಮತ್ತೊಮ್ಮೆ ಅವರಿಂದಲೇ ಹೇಳಿಸಿ.

ನಕ್ಷೆಯನ್ನು ಬಿಚ್ಚಿಕೊಂಡು ಮನೆಗೆ ಒಯ್ಯಬೇಡಿ. ಪಂಚಾಯಿತಿ ಗ್ರಂಥಾಲಯದ ಗೋಡೆಗೋ ಹಾಲಿನ ಡೇರಿಯ ಗೋಡೆಗೋ ಅಂಟಿಸಿ, ಕೆಳಗೆ ಸಭೆಯ ತಾರೀಕು ಬರೆಯಿರಿ. ನೋಂದಣಿ ನಿಂತರೆ ಅಥವಾ ನಿಯಮ ಬದಲಾದರೆ ಆ ಪೆಟ್ಟಿಗೆಯ ಮೇಲೆ ಹೊಸ ಚೀಟಿ ಅಂಟಿಸಲು ಯಾರಿಗಾದರೂ ಒಬ್ಬರಿಗೆ ಅಲ್ಲೇ ಒಪ್ಪಿಸಿ ಬನ್ನಿ.